ಐದೂಕಾಲಿಗೆ ಬರುವ ಆ ಒಂದು ಸಾಲು

*ನಾನು ದ್ವಿತೀಯ ಪಿಯುಸಿ ಸೈನ್ಸ್. ಊರು ಶಿಡ್ಲಘಟ್ಟದ ಹತ್ತಿರ, ಮನೆಯಲ್ಲಿ ರೇಷ್ಮೆ ಬೆಳೆ. ಇಲ್ಲಿ ವಿಜಯನಗರದ ಹಾಸ್ಟೆಲ್‌ನಲ್ಲಿ ನಾಲ್ವರ ರೂಮು. ಬೆಳಿಗ್ಗೆ ಐದೂಕಾಲಿಗೆ ಮೊಬೈಲಿನಲ್ಲಿ ‘ಪಾಪಚ್ಚಿ, ಎದ್ದು ಓದ್ಕೋ’ ಅಂತ ರಿಮೈಂಡರ್ ಇಟ್ಟುಕೊಂಡಿದ್ದೇನೆ. ಈಗೀಗ ಅದಕ್ಕೆ ‘ಎದ್ದೆ’ ಅಂತ ಬಾಯಿಬಿಟ್ಟು ಉತ್ತರ ಕೊಡ್ತೀನಿ. ಹೋದ ವಾರ ಎರಡು ದಿನ ಅದು ಬರಲೇ ಇಲ್ಲ. ಎಚ್ಚರವಾಗಿದ್ದರೂ ಓದೋಕಾಗಲಿಲ್ಲ, ಅಳು ಬಂತು. ಮೇಲಿನ ಮಂಚದವಳು ಸದ್ದಿಗೆ ಬೈತಾಳೆ, ‘ಫೋನ್ ಜೊತೆ ಸಂಸಾರ’ ಅಂತ ನಗ್ತಾಳೆ. ಇದನ್ನೇ ಸಣ್ಣ ಕತೆ ಮಾಡಿ ಹಾಸ್ಟೆಲ್ ಗೋಡೆ ಪತ್ರಿಕೆಗೆ ಅಂತ ಬರೆದೆ, ಕೊಡೋಕೆ ನಾಚಿಕೆ. ಇದು ಹುಚ್ಚಾ? ತೆಗೆದುಬಿಡಲಾ?*
*– ಹೆಸರು ಬೇಡ, ಬೆಂಗಳೂರು*

ತೆಗೆಯಬೇಡಿ. ಹುಚ್ಚೂ ಅಲ್ಲ. ಆದರೆ ಮೊದಲು ಫೋನಿನ ವಿಷಯ ಮುಗಿಸೋಣ. ಅಳು ಶುರುವಾಗಿದ್ದೇ ಅಲ್ಲಿಂದ, ಮತ್ತು ಅದು ಸುಲಭವಾಗಿ ಸರಿಹೋಗುವಂಥದ್ದು.

ರಿಮೈಂಡರ್ ಬೇರೆ, ಅಲಾರಂ ಬೇರೆ. ರಿಮೈಂಡರ್ ಬರೀ ಒಂದು ನೋಟಿಫಿಕೇಶನ್, ಫೋನು ಅದನ್ನು ತಡೆಹಿಡಿಯಲು ಹಿಂದೆಮುಂದೆ ನೋಡುವುದಿಲ್ಲ. ಬರದಿದ್ದ ದಿನ ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು ನೋಡಿ. ಸಾಲು ಅಲ್ಲಿ ಬಂದು ಕೂತಿದೆ, ಸದ್ದು ಮಾತ್ರ ಆಗಿಲ್ಲ ಎಂದರೆ ಬಹುಮಟ್ಟಿಗೆ ಅದು Do Not Disturb ಕೆಲಸ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅದನ್ನು ಹಾಕಿಟ್ಟು ಮರೆತಿರುತ್ತೀರಿ. ಸಾಲೇ ಇಲ್ಲ, ಆ ಆ್ಯಪ್ ತೆರೆದ ಮೇಲೆ ತಡವಾಗಿ ಬಂತು ಎಂದರೆ ಬ್ಯಾಟರಿ ಉಳಿಸಲು ಫೋನು ಆ ಆ್ಯಪನ್ನೇ ಮಲಗಿಸಿದೆ. ಆಗ Settings, Apps, ನಿಮ್ಮ ಆ್ಯಪ್, Battery ಎಂದು ಹೋಗಿ Unrestricted ಆರಿಸಿ. ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾದರೆ Alarms & reminders ಎಂಬ ಅನುಮತಿಯನ್ನೂ ಒಮ್ಮೆ ನೋಡಿ. ಒಂದೊಂದು ಕಂಪನಿಯ ಫೋನಿನಲ್ಲಿ ಹೆಸರು ಸ್ವಲ್ಪ ಆಚೀಚೆ ಇರುತ್ತದೆ.

ಇಷ್ಟೆಲ್ಲ ರಗಳೆ ಬೇಡ ಅನ್ನಿಸಿದರೆ Clock ಆ್ಯಪಿನಲ್ಲೇ ಅಲಾರಂ ಇಟ್ಟು, Label ಜಾಗದಲ್ಲಿ ನಿಮ್ಮ ಅದೇ ಸಾಲು ಬರೆಯಿರಿ. Do Not Disturb ಸಾಮಾನ್ಯವಾಗಿ ಅಲಾರಂಗೆ ಅಡ್ಡ ಬರುವುದಿಲ್ಲ. ಸದ್ದು ತೆಗೆದು ವೈಬ್ರೇಟ್ ಮಾತ್ರ ಇಡಿ. ಆದರೆ ಫೋನನ್ನು ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಇಟ್ಟರೆ ಆ ಗುರ್ರ್ ಅನ್ನುವ ನಡುಕ ಕಂಬ ಹತ್ತಿಕೊಂಡು ನೇರ ಮೇಲಿನ ಮಂಚಕ್ಕೆ ಹೋಗುತ್ತದೆ. ಬಹುಶಃ ಆಕೆ ಬೈಯುತ್ತಿರುವುದು ಇದಕ್ಕೇ. ಟವೆಲ್ ನಾಲ್ಕು ಮಡಿಕೆ ಮಾಡಿ, ಕೈಗೆ ತಗಲುವ ಹಾಗೆ ಹಾಸಿಗೆಯಲ್ಲಿ ಅದರ ಮೇಲಿಡಿ. ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ಮಾತ್ರ ಬೇಡ, ಬಿಸಿ ಹೋಗಲು ದಾರಿ ಇರುವುದಿಲ್ಲ.

ಇನ್ನು ಆ ಸಾಲು. ‘ಎದ್ದು ಓದ್ಕೋ’ ಅನ್ನುವುದು ಎಬ್ಬಿಸುತ್ತದೆ, ಆದರೆ ಏನು ಓದಬೇಕು ಅಂತ ಹೇಳುವುದಿಲ್ಲ. ನಿದ್ದೆಗಣ್ಣಿನಲ್ಲಿ ಅದನ್ನು ತೀರ್ಮಾನಿಸಲು ಕೂತರೆ ಕಾಲು ಗಂಟೆ ಹೋಯಿತು. ಹಾಗಾಗಿ ಕರೆಯುವ ಮಾತು ಹಾಗೇ ಇರಲಿ, ಅದರ ಮುಂದೆ ಒಂದು ಕೆಲಸವನ್ನು ಹಿಂದಿನ ರಾತ್ರಿ ಮಲಗುವ ಮುಂಚೆ ಸೇರಿಸಿ.

ಉದಾಹರಣೆಗೆ, ಭಾನುವಾರ ಬಯಾಲಜಿಯಲ್ಲಿ ಮೆಂಡಲ್‌ನ ಡೈಹೈಬ್ರಿಡ್ ಕ್ರಾಸ್ ಓದಿದಿರಿ ಅನ್ನೋಣ. ಸೋಮವಾರದ ಸಾಲು: ‘ಪಾಪಚ್ಚಿ, ಪುಸ್ತಕ ಮುಚ್ಚಿ 16 ಮನೆ ಚೌಕ ಬರಿ.’ RrYy ಗಿಡದ ಗ್ಯಾಮೀಟುಗಳು RY, Ry, rY, ry ಎಂದು ನಾಲ್ಕು. ಅಡ್ಡ ನಾಲ್ಕು, ಉದ್ದ ನಾಲ್ಕು, ಮನೆ ತುಂಬಿ ಎಣಿಸಿದರೆ 9:3:3:1 ಬರಬೇಕು. ಬರಲಿಲ್ಲವೆಂದರೆ ಗ್ಯಾಮೀಟು ಬರೆದಲ್ಲೇ ಹುಡುಕಿ. Rr ಒಂದು ಕಡೆ, Yy ಒಂದು ಕಡೆ ಅಂತ ಬರೆದಿರುತ್ತೀರಿ. ಪ್ರತಿ ಗ್ಯಾಮೀಟಿನಲ್ಲೂ ಎರಡು ಗುಣದಿಂದ ಒಂದೊಂದು ಅಕ್ಷರ ಇರಬೇಕು. ತಪ್ಪಾದ ಮೇಲಷ್ಟೇ ಪುಸ್ತಕ ತೆರೆಯಿರಿ. ಅದೇ ಚೌಕ ಮತ್ತೆ ಗುರುವಾರ, ಆಮೇಲೆ ಮುಂದಿನ ವಾರ ಒಂದು ಸಲ. ನಡುವಿನ ದಿನಗಳಲ್ಲಿ ಅದನ್ನು ಮುಟ್ಟಬೇಡಿ, ಬೇರೆ ಪಾಠ ಇರಲಿ.

ಯಾಕೆ ಬಿಡುವು ಅಂತ ನಿಮಗೆ ಹೆಚ್ಚು ಹೇಳಬೇಕಿಲ್ಲ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಸುಮ್ಮನಾದಾಗ, ಮನೆಯಲ್ಲಿ ಯಾರೂ ಸೊಪ್ಪು ಹಾಕುವುದಿಲ್ಲ, ಎದ್ದ ಮೇಲೆ ಹಾಕುತ್ತಾರೆ. ಸ್ವಲ್ಪ ಮರೆಯುವಷ್ಟು ಬಿಟ್ಟು ನೆನಪಿನಿಂದ ಎಳೆದು ತೆಗೆದಾಗಲೇ ಓದಿದ್ದು ಗಟ್ಟಿಯಾಗುವುದು. ದಿನಾ ಅದೇ ಪುಟ ಓದಿದರೆ ಗೊತ್ತಿದೆ ಅನ್ನಿಸುತ್ತದೆ ಅಷ್ಟೆ, ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ.

ಈಗ ನೀವು ಬರೆಯದೆ ಬಿಟ್ಟಿರುವ ಒಂದು ಮಾತು. ಆರಲ್ಲ, ಐದಲ್ಲ, ಐದೂಕಾಲೇ ಯಾಕೆ? ಹಾಸ್ಟೆಲ್‌ನಲ್ಲಿ ಆ ಹೊತ್ತಿಗೆ ಬಿಸಿನೀರೂ ಇರುವುದಿಲ್ಲ, ಕಾಫಿಯೂ ಇರುವುದಿಲ್ಲ. ಆದರೆ ಹುಳದ ಮನೆಯಲ್ಲಿ ಆ ಹೊತ್ತಿಗೆ ಲೈಟು ಹತ್ತಿರುತ್ತದೆ. ಅದರಲ್ಲೂ ನಾಲ್ಕನೇ ಜ್ವರ ಎದ್ದ ಮೇಲಿನ ವಾರವಾದರೆ, ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಹೆಚ್ಚುಪಾಲು ಆಗಲೇ ಖರ್ಚಾಗುವುದು, ಯಾರಿಗೂ ನಿದ್ದೆ ಇರುವುದಿಲ್ಲ. ‘ಪಾಪಚ್ಚಿ’ ಅನ್ನುವುದೂ ನೀವೇ ಕಟ್ಟಿದ ಹೆಸರಲ್ಲ ಅನ್ನಿಸುತ್ತದೆ. ಯಾರೋ ಆ ಹೊತ್ತಿಗೆ ಹಾಗೆ ಕೂಗಿ ಎಬ್ಬಿಸುತ್ತಿದ್ದರು, ಆ ಕೂಗನ್ನು ನೀವು ಫೋನಿನಲ್ಲಿ ತಂದಿಟ್ಟುಕೊಂಡಿದ್ದೀರಿ. ‘ಎದ್ದೆ’ ಅಂತ ಉತ್ತರ ಕೊಡುತ್ತಿರುವುದು ಫೋನಿಗಲ್ಲ.

ಆದ್ದರಿಂದ ಆ ಎರಡು ದಿನ ತಪ್ಪಿದ್ದು ಓದಿನ ಗುರುತಷ್ಟೇ ಅಲ್ಲ, ಮನೆಯ ದನಿಯೂ ತಪ್ಪಿತು. ಒಂದೇ ಸಾಲಿನ ಮೇಲೆ ಎರಡು ಹೊರೆ ಹೊರಿಸಬೇಡಿ. ಮನೆಗೆ ದಿನಾ ಒಂದು ಹೊತ್ತು ಫೋನ್ ಮಾಡಿ. ಬೆಳಿಗ್ಗೆ ಸೊಪ್ಪು ಕೊಯ್ಯುವಾಗ ಬೇಡ, ಅವರ ಕೈ ಬಿಡುವಿರುವುದಿಲ್ಲ, ನೀವೂ ‘ಆಮೇಲೆ ಮಾಡು’ ಅನ್ನಿಸಿಕೊಂಡು ಬೇಜಾರಾಗುತ್ತೀರಿ. ಮಧ್ಯಾಹ್ನದ ಸೊಪ್ಪು ಹಾಕಿ ಕೂತ ಹೊತ್ತು ನೋಡಿ ಐದು ನಿಮಿಷ ಸಾಕು. ‘ಹುಳ ಎಷ್ಟನೇ ಜ್ವರ?’ ಅಂತ ಕೇಳಿ, ಮಾತು ತಾನಾಗಿ ನಡೆಯುತ್ತದೆ. ಜೊತೆಗೆ ಒಂದು ಚೀಟಿಯಲ್ಲಿ ನಾಳೆಯ ಕೆಲಸ ಬರೆದು ಪುಸ್ತಕದಲ್ಲಿಡಿ. ಫೋನು ಸತ್ತರೂ ಚೀಟಿ ಇರುತ್ತದೆ.

ಮೇಲಿನ ಮಂಚದವಳ ಹತ್ತಿರ ಸಂಸಾರದ ಮಾತಿಗೆ ಜಗಳ ತೆಗೆಯಬೇಡಿ. ‘ನಿದ್ದೆ ಕೆಡಿಸಿದೆ ಕಣೇ, ಈಗ ಸದ್ದು ತೆಗೆದಿದೀನಿ, ಇನ್ನೂ ಕೇಳಿದ್ರೆ ಹೇಳು’ ಅನ್ನಿ, ಅಷ್ಟೇ.

ಚಿಂತಿಸಬೇಕಾದ್ದು ಯಾವಾಗ ಅಂದರೆ: ಎರಡು ವಾರದಿಂದ ನಿದ್ದೆ ಸರಿಯಿಲ್ಲ, ಮೆಸ್ಸಿಗೆ ಹೋಗಲು ಮನಸ್ಸಿಲ್ಲ, ರೂಮಿನವರ ಜೊತೆ ಒಂದು ಮಾತೂ ಬೇಡ, ಅಳು ಕಾರಣವಿಲ್ಲದೆ ಬರುತ್ತಿದೆ ಎಂದಾಗ. ಆಗ ವಾರ್ಡನ್‌ಗೆ ಹೇಳಿ, ಅಥವಾ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಕತೆ ಕೊಡಿ. ಮೇಲಿನ ಮಂಚದವಳ ಗುರುತು ಸಿಗದ ಹಾಗೆ ಊರು, ಹೆಸರು ಬದಲಾಯಿಸಿ, ಆಕೆಯ ‘ಸಂಸಾರ’ದ ಮಾತನ್ನು ಮಾತ್ರ ಉಳಿಸಿಕೊಳ್ಳಿ, ಚೆನ್ನಾಗಿದೆ. ಹುಡುಗಿ ಹಾಸ್ಟೆಲ್‌ಗೆ ಬಂದ ದಿನದಿಂದ ಶುರುವಾಗಿದ್ದರೆ ಆ ಭಾಗ ತೆಗೆದು, ಸಾಲು ಬಾರದ ಬೆಳಿಗ್ಗೆಯಿಂದ ಶುರು ಮಾಡಿ. ಐದೂಕಾಲು ದಾಟಿದೆ, ಕತ್ತಲು, ಟವೆಲ್ ಮೇಲೆ ಫೋನು ಸುಮ್ಮನಿದೆ, ಆಕೆ ಕಣ್ಣು ಬಿಟ್ಟುಕೊಂಡು ಮಲಗಿದ್ದಾಳೆ.