ಕೆಳಗಿರುವ h ಅನ್ನೇ ಒಡೆದು ನೋಡಿ

*ಸಂಪಾದಕರೇ, ಮಗಳು ಫಸ್ಟ್ ಪಿಯುಸಿ ಓದುತ್ತಿದ್ದಾಳೆ. √x ನ ಡೆರಿವೇಟಿವ್ ಅನ್ನು ಫಸ್ಟ್ ಪ್ರಿನ್ಸಿಪಲ್‌ನಿಂದ ಮಾಡುವಾಗ ಮೇಲೆ ಕೆಳಗೆ √(x+h) + √x ಇಂದ ಗುಣಿಸಬೇಕಂತೆ. ಯಾಕೆ ಅಂದರೆ "ಹಾಗೇ ಮಾಡೋದು" ಅನ್ನುತ್ತಾಳೆ. ಇದು ಯಾರಿಗಾದರೂ ತಾನಾಗಿ ಹೊಳೆಯುತ್ತಾ? ನಾನೇ ನೋಡೋಣ ಅಂತ ಮನೆಯ 8 ಅಂಕಿಯ ಕ್ಯಾಲ್ಕುಲೇಟರ್‌ನಲ್ಲಿ x = 4, h = 0.0000001 ಹಾಕಿದೆ. ಸೊನ್ನೆ ಬಂತು. ಪುಸ್ತಕದ ಪ್ರಕಾರ ಕಾಲು ಬರಬೇಕು. ಯಾವುದನ್ನು ನಂಬಲಿ?*
*— ಒಬ್ಬ ತಾಯಿ, ಶಿವಮೊಗ್ಗ*

ಪುಸ್ತಕವನ್ನೇ ನಂಬಿ. ಕಾಲು ಸರಿ. ಆದರೆ ನಿಮಗೆ ಬಂದ ಸೊನ್ನೆಯೂ ಸುಮ್ನೆ ಬಂದದ್ದಲ್ಲ. ಆ ಗುಣಾಕಾರ ಯಾಕೆ ಬೇಕು ಅನ್ನುವುದಕ್ಕೂ ಅದಕ್ಕೂ ನೇರ ನಂಟಿದೆ, ಹಾಗಾಗಿ ಎರಡನ್ನೂ ಒಂದೇ ಎಳೆಯಲ್ಲಿ ಬಿಡಿಸುತ್ತೇನೆ.

ಮೊದಲು ಎಲ್ಲಿ ಸಿಕ್ಕಿಕೊಳ್ಳುತ್ತೇವೆ ಅಂತ ನೋಡೋಣ. ನಮಗೆ ಬೇಕಾಗಿರುವುದು h ಸೊನ್ನೆಯ ಹತ್ತಿರ ಹೋದಂತೆ ಈ ಭಾಗಲಬ್ಧ ಯಾವ ಬೆಲೆಯ ಹತ್ತಿರ ಹೋಗುತ್ತದೆ ಅನ್ನುವುದು:

(√(x+h) − √x) / h

ಇದರಲ್ಲಿ h = 0 ಅಂತ ನೇರ ಹಾಕಿದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಅದರಿಂದ ಏನೂ ತಿಳಿಯುವುದಿಲ್ಲ. x² ನ ಲೆಕ್ಕದಲ್ಲೂ ಹೀಗೇ 0/0 ಬರುತ್ತದೆ, ಆದರೆ ಅಲ್ಲಿ (x+h)² ಅನ್ನು ಬಿಡಿಸಿದ ಕೂಡಲೇ ಮೇಲೆ 2xh + h² ಉಳಿಯುತ್ತದೆ, h ಎದುರಿಗೇ ಕಾಣುತ್ತದೆ, ಕೆಳಗಿನ h ಜೊತೆ ಹೊಡೆದುಹೋಗುತ್ತದೆ. ವರ್ಗಮೂಲದಲ್ಲಿ ಆ ಅನುಕೂಲ ಇಲ್ಲ. h ಮೂಲಚಿಹ್ನೆಯ ಒಳಗೆ ಕೂತಿದೆ, x ಜೊತೆ ಕೂಡಿಕೊಂಡು. ಅದನ್ನು ಹೊರಗೆ ಎಳೆಯಲು ಕೆಲವು ಮಕ್ಕಳು √(x+h) = √x + √h ಅಂತ ಬರೆದುಬಿಡುತ್ತಾರೆ. ಅದು ತಪ್ಪು: √(9+16) ಅಂದರೆ 5, √9 + √16 ಅಂದರೆ 7.

ಈಗ ನಿಮ್ಮ ಮುಖ್ಯ ಪ್ರಶ್ನೆ, ಇದು ಯಾರಿಗೆ ಹೊಳೆಯುತ್ತೆ ಅನ್ನೋದು. ಪುಸ್ತಕಗಳಲ್ಲಿ "ಕಾಂಜುಗೇಟ್‌ನಿಂದ ಗುಣಿಸಿ" ಅಂತ ಇರುವುದರಿಂದ ಎಲ್ಲಿಂದಲೋ ತಂದು ಹಾಕಿದ ಹಾಗೆ ಕಾಣುತ್ತದೆ. ನಾನು ಮಗಳಿಗೆ ಹೇಳಿಕೊಡುವುದಾದರೆ ಗುಣಾಕಾರದ ಮಾತೇ ಎತ್ತುವುದಿಲ್ಲ. ಕೆಳಗೆ ಇರುವ h ಕಡೆ ನೋಡು ಅನ್ನುತ್ತೇನೆ. h ಅಂದರೇನು? (x+h) ಇಂದ x ಕಳೆದರೆ ಉಳಿಯುವುದು. (x+h) ಅನ್ನುವುದು √(x+h) ನ ವರ್ಗ, x ಅನ್ನುವುದು √x ನ ವರ್ಗ. ಎರಡು ವರ್ಗಗಳ ವ್ಯತ್ಯಾಸ ಅಂದರೆ ಎಂಟನೇ ಕ್ಲಾಸಿನ ಹುಡುಗನಿಗೂ ಗೊತ್ತಿರುವ a² − b² = (a − b)(a + b). ಹಾಗಾದರೆ

h = (√(x+h) − √x)(√(x+h) + √x)

ಕೆಳಗಿನ h ಅನ್ನು ಹೀಗೆ ಒಡೆದ ಮೇಲೆ ಅದರ ಮೊದಲ ಅಪವರ್ತನವೇ ನಮ್ಮ ಅಂಶದಲ್ಲಿ ಇದೆ, ಅಲ್ವಾ? ಎರಡೂ ಹೊಡೆದುಹೋಗುತ್ತವೆ. ಉಳಿಯುವುದು

1 / (√(x+h) + √x)

ಅಷ್ಟೇ. ಪುಸ್ತಕದ ಗುಣಾಕಾರವೂ ಇದೇ ಕೆಲಸವನ್ನು ಮತ್ತೊಂದು ಕಡೆಯಿಂದ ಮಾಡುತ್ತದೆ.

ಇದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಬಹುದು. ಒಂದು ಚೌಕ ಅಂಗಳ ಇದೆ, 20 ಅಡಿಗೆ 20 ಅಡಿ, ಅಂದರೆ 400 ಚದರ ಅಡಿ. ಅದನ್ನು ಚೌಕವಾಗಿಯೇ ಉಳಿಸಿಕೊಂಡು ಬದಿಯನ್ನು 21 ಅಡಿ ಮಾಡುತ್ತೀರಿ. ಈಗ 441 ಚದರ ಅಡಿ, 41 ಜಾಸ್ತಿ ಆಯಿತು. ಆ 41 ಎಲ್ಲಿಂದ ಬಂತು? ಎರಡು ಬದಿಗೆ 20 ಅಡಿ ಉದ್ದದ, 1 ಅಡಿ ಅಗಲದ ಒಂದೊಂದು ಪಟ್ಟಿ, ಮೂಲೆಯಲ್ಲಿ 1 ಚದರ ಅಡಿಯ ಒಂದು ತುಂಡು. 20 + 20 + 1. ಜಾಸ್ತಿಯಾದ ಬದಿಯನ್ನು ಜಾಸ್ತಿಯಾದ ವಿಸ್ತೀರ್ಣದಿಂದ ಭಾಗಿಸಿದರೆ 1/41. ಆ 41 ಅಂದರೆ 20 + 21, ಹಳೆಯ ಬದಿ ಮತ್ತು ಹೊಸ ಬದಿಯ ಮೊತ್ತ. ಮೇಲಿನ ಛೇದದಲ್ಲಿರುವ √x + √(x+h) ಇದೇ! ಬದಿಯನ್ನು ಬರೀ 0.1 ಅಡಿ ಹೆಚ್ಚಿಸಿದರೆ ವಿಸ್ತೀರ್ಣ 404.01, ಭಾಗಲಬ್ಧ 1/40.1. ಇನ್ನೂ ಕಡಿಮೆ ಮಾಡುತ್ತಾ ಹೋದರೆ ಮೂಲೆಯ ತುಂಡು ಲೆಕ್ಕಕ್ಕೇ ಬರದಷ್ಟು ಸಣ್ಣದಾಗಿ 1/40 ಉಳಿಯುತ್ತದೆ, ಅಂದರೆ 1/(2√400).

ಪರೀಕ್ಷೆಯಲ್ಲಿ ಬರೆಯುವಾಗ ಪುಸ್ತಕದ ದಾರಿಯಲ್ಲೇ ಬರೆಯಲಿ, ತೊಂದರೆ ಇಲ್ಲ. √x ಗಿಂತ ಒಂದು ಹೆಜ್ಜೆ ಮುಂದಿನದನ್ನು ಮಾಡಿ ತೋರಿಸುತ್ತೇನೆ, ಯಾಕೆಂದರೆ ತಪ್ಪು ಆಗುವುದು ಅಲ್ಲೇ. f(x) = √(2x+3) ತೆಗೆದುಕೊಳ್ಳಿ. x ಇದ್ದಲ್ಲೆಲ್ಲ x+h ಹಾಕಬೇಕು, ಆವರಣ ಸಮೇತ: f(x+h) = √(2(x+h)+3) = √(2x+2h+3). ಇಲ್ಲಿ ಆವರಣ ಹಾಕದೆ √(2x+h+3) ಅಂತ ಬರೆಯುವುದು ತುಂಬಾ ಸಾಮಾನ್ಯ. ಸರಿಯಾಗಿ ಬರೆದರೆ ಮುಂದೆ ಹೀಗೆ:

f′(x) = lim (h→0) [√(2x+2h+3) − √(2x+3)] / h

ಮೇಲೆ ಕೆಳಗೆ √(2x+2h+3) + √(2x+3) ಇಂದ ಗುಣಿಸಿ. ಅಂಶ (2x+2h+3) − (2x+3), ಅಂದರೆ 2h ಆಗುತ್ತದೆ:

= lim (h→0) 2h / ( h [√(2x+2h+3) + √(2x+3)] )

= lim (h→0) 2 / [√(2x+2h+3) + √(2x+3)]

= 2 / (2√(2x+3)) = 1/√(2x+3)

ಕೊನೆಯ ಹೆಜ್ಜೆಯಲ್ಲಿ ಮಾತ್ರ h ಗೆ ಸೊನ್ನೆ ಹಾಕಿದ್ದೇವೆ, ಅಲ್ಲಿಯವರೆಗೆ ಪ್ರತಿ ಸಾಲಿನಲ್ಲೂ lim ಇದೆ. ಲಿಮಿಟ್ ತೆಗೆದುಕೊಳ್ಳುವಾಗ h ಸೊನ್ನೆಯ ಹತ್ತಿರ ಹೋಗುತ್ತದೆ, ಸೊನ್ನೆ ಆಗುವುದಿಲ್ಲ, ಅದಕ್ಕೇ h ಅನ್ನು h ಇಂದ ಹೊಡೆದುಹಾಕಲು ನಮಗೆ ಹಕ್ಕಿದೆ. ಹೊಡೆದ ಮೇಲೆ ಛೇದ ಸೊನ್ನೆ ಆಗುವ ಭಯ ಇಲ್ಲ, ವರ್ಗಮೂಲವೂ ನಡುವೆ ಜಿಗಿಯದೆ ನಯವಾಗಿ ಬದಲಾಗುವ ಫಲನ, ಹಾಗಾಗಿ ಆಗ ಸೊನ್ನೆ ಹಾಕಬಹುದು.

ಛೇದವನ್ನು ಬಿಡಿಸಿ ಗುಣಿಸಬೇಡಿ. h ಅನ್ನು ಆವರಣದ ಹೊರಗೇ ಇಟ್ಟುಕೊಳ್ಳಿ, ಹೊಡೆಯಲು ಬೇಕಾಗಿರುವುದು ಅದೇ. ಮಕ್ಕಳಿಗೆ ಇಲ್ಲಿ ಇನ್ನೊಂದು ಕಸಿವಿಸಿ ಆಗುತ್ತದೆ. ಹೈಸ್ಕೂಲಿನಲ್ಲಿ ಛೇದದಲ್ಲಿ ವರ್ಗಮೂಲ ಇರಬಾರದು, ತೆಗೆಯಿರಿ ಅಂತ ಅಭ್ಯಾಸ ಮಾಡಿಸಿರುತ್ತಾರೆ. ಇಲ್ಲಿ ಬೇಕಂತಲೇ ಮೇಲಿದ್ದ ವರ್ಗಮೂಲಗಳನ್ನು ಕೆಳಗೆ ಕಳಿಸುತ್ತಿದ್ದೇವೆ. ಕೆಲವರು ಅದನ್ನು ನೋಡಿ, ಏನೋ ಎಡವಟ್ಟಾಯಿತು ಅಂತ ಮತ್ತೆ ಮೇಲಕ್ಕೆ ತಂದು, ಶುರು ಮಾಡಿದಲ್ಲಿಗೇ ಬಂದು ನಿಲ್ಲುತ್ತಾರೆ. ಮಗಳಿಗೆ ಇದನ್ನು ಮೊದಲೇ ಹೇಳಿ.

ಉತ್ತರ ಸರಿಯಾ ಅಂತ ನೋಡಲು x = 3 ಹಾಕಿ. ಸೂತ್ರದಿಂದ 1/√9, ಅಂದರೆ 0.333. ಈಗ h = 0.1 ಇಟ್ಟು ನೇರ ಲೆಕ್ಕ: √9.2 ಅಂದರೆ 3.03315, ಅದರಿಂದ 3 ಕಳೆದು 0.1 ಇಂದ ಭಾಗಿಸಿದರೆ 0.3315. ಹತ್ತಿರ ಇದೆ. ಆವರಣ ಮರೆತವರಿಗೆ 1/(2√9), ಅಂದರೆ 0.167 ಬಂದಿರುತ್ತದೆ. ಅರ್ಧಕ್ಕೆ ಅರ್ಧ ವ್ಯತ್ಯಾಸ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇಲ್ಲಿ ನಾನು 0.1 ಯಾಕೆ ತೆಗೆದುಕೊಂಡೆ, ನಿಮ್ಮ ಹಾಗೆ 0.0000001 ಯಾಕೆ ಇಲ್ಲ? √4.0000001 ನ ನಿಜವಾದ ಬೆಲೆ ಸುಮಾರು 2.000000025. ನಿಮ್ಮ ಕ್ಯಾಲ್ಕುಲೇಟರ್‌ನಲ್ಲಿ 8 ಅಂಕಿಗಷ್ಟೇ ಜಾಗ, ಹಾಗಾಗಿ ಅದು 2.0000000 ಅಂತ ಇಟ್ಟುಕೊಂಡಿತು. ನಮಗೆ ಬೇಕಿದ್ದ ಆ 25 ಅಲ್ಲೇ ಬಿದ್ದುಹೋಯಿತು. ಅದರಿಂದ 2 ಕಳೆದರೆ ಇನ್ನೇನು, ಸೊನ್ನೆ. h = 0.000001 ಹಾಕಿದ್ದರೆ 2.0000002 ಬಂದು ಉತ್ತರ 0.2 ಆಗುತ್ತಿತ್ತು. 0.001 ಹಾಕಿದ್ದರೆ ಕಾಲಿಗೆ ತುಂಬಾ ಹತ್ತಿರ ಬರುತ್ತಿತ್ತು. ಹೆಚ್ಚುಕಡಿಮೆ ಒಂದೇ ಆಗಿರುವ ಎರಡು ಸಂಖ್ಯೆಗಳನ್ನು ಕಳೆದಾಗ ಮೊದಲಿನ ಅಂಕಿಗಳೆಲ್ಲ ಹೊಡೆದುಹೋಗಿ, ಯಂತ್ರ ಕತ್ತರಿಸಿಹಾಕಿದ ಬಾಲದ ಅಂಕಿಗಳೇ ಮುಖ್ಯವಾಗಿಬಿಡುತ್ತವೆ. ಕಂಪ್ಯೂಟರ್‌ಗೂ ಇದೇ ಗತಿ, h ಇನ್ನೂ ಚಿಕ್ಕದಿರಬೇಕು ಅಷ್ಟೇ. ಮಗಳಿಗೆ ಪೈಥಾನ್ ಬರುತ್ತಿದ್ದರೆ ಇದನ್ನು ಓಡಿಸಿ ನೋಡಲಿ:

```
from math import sqrt
h = 1e-15
print((sqrt(4+h) - 2) / h)
print(1 / (sqrt(4+h) + 2))
```

ಮೊದಲ ಸಾಲಿಗೆ 0.0 ಬರುತ್ತದೆ, ಎರಡನೆಯದಕ್ಕೆ 0.25. ಬೀಜಗಣಿತದಲ್ಲಿ ಎರಡೂ ಒಂದೇ. ಆದರೆ ಎರಡನೆಯದರಲ್ಲಿ ಕಳೆಯುವ ಕೆಲಸವೇ ಇಲ್ಲ, ಬರೀ ಕೂಡುವುದು, ಹಾಗಾಗಿ ಕಳೆದುಹೋಗಲು ಏನೂ ಇಲ್ಲ. ನಿಮ್ಮ 8 ಅಂಕಿಯ ಕ್ಯಾಲ್ಕುಲೇಟರ್‌ನಲ್ಲೂ ಇದನ್ನು ಮಾಡಿ: ಅದೇ 0.0000001 ಇಟ್ಟುಕೊಂಡು 1 ÷ (2.0000000 + 2), ಕಾಲು ಬರುತ್ತದೆ. ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾಗುವುದು ಇದೇ. ಕಾಗದದ ಮೇಲೆ 0/0 ಇಂದ ನಮ್ಮನ್ನು ಬಿಡಿಸಿದ ಹೆಜ್ಜೆಯೇ ಯಂತ್ರವನ್ನೂ ಬಿಡಿಸಿತು.

ಘನಮೂಲ ಬಂದರೆ ಏನು ಮಾಡೋದು ಅಂತ ಮಗಳು ಕೇಳಬಹುದು. ಅಲ್ಲಿ ನಡುವಿನ ಚಿಹ್ನೆ ಬದಲಿಸಿ ಗುಣಿಸಿದರೆ ಕೆಲಸ ಆಗದು, ಘನಮೂಲಗಳು ಹಾಗೇ ಉಳಿಯುತ್ತವೆ. ಆದರೆ h ಅನ್ನು ಒಡೆಯುವ ದಾರಿ ಇಲ್ಲೂ ನಡೆಯುತ್ತದೆ. (x+h) ನ ಘನಮೂಲ a, x ನ ಘನಮೂಲ b ಅನ್ನಿ. h = a³ − b³ = (a − b)(a² + ab + b²). ಮೇಲಿನ a − b ಹೊಡೆದು 1/(a² + ab + b²) ಉಳಿಯುತ್ತದೆ. h ಸೊನ್ನೆಗೆ ಹೋದಾಗ a ಕೂಡ b ಆಗಿ, 1/(3b²).

ಇನ್ನೊಂದು ಮಾತು, x = 0 ಬಗ್ಗೆ. √x ನ ಡೆರಿವೇಟಿವ್ 1/(2√x) ಅಂತ ಬಾಯಿಪಾಠ ಮಾಡುವಾಗ x > 0 ಅನ್ನುವುದು ಬಿಟ್ಟುಹೋಗುತ್ತದೆ. x = 0 ನಲ್ಲಿ ಭಾಗಲಬ್ಧ √h/h, ಅಂದರೆ 1/√h. h ಋಣ ಸಂಖ್ಯೆ ಆಗುವಂತಿಲ್ಲ, ಬಲಗಡೆಯಿಂದ ಮಾತ್ರ ಬರಬೇಕು. h = 0.01 ಆದರೆ 10, h = 0.0001 ಆದರೆ 100, ಹೀಗೆ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. √x ನ ಗ್ರಾಫ್ ಬರೆದು ನೋಡಿದರೆ ಮೂಲಬಿಂದುವಿನಲ್ಲಿ ಗೆರೆ ನೆಟ್ಟಗೆ ಮೇಲಕ್ಕೇ ಏಳುತ್ತದೆ, ಹಾಗಾಗಿ ಅಲ್ಲಿ ಡೆರಿವೇಟಿವ್ ಇಲ್ಲ. √(2x+3) ಗೆ ಇದೇ ತೊಂದರೆ x = −3/2 ನಲ್ಲಿ ಬರುತ್ತದೆ. ಉತ್ತರದ ಪಕ್ಕ x > −3/2 ಅಂತ ಬರೆಯಲು ಹೇಳಿ.