ವೆಲ್ಚ್ ಪರೀಕ್ಷೆಯ 6.08 ಎಲ್ಲಿಂದ ಬಂತು?

"ಸರ್, ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಬೆಳಿಗ್ಗೆ 5, ಸಂಜೆ 10 ಬಸ್ ಪ್ರಯಾಣಗಳ ಸಮಯ ಹೋಲಿಸಿದೆ. ವೇರಿಯನ್ಸ್ 20 ಮತ್ತು 10. R ನಲ್ಲಿ df = 6.0811 ಬಂತು. ಡಿಗ್ರೀಸ್ ಆಫ್ ಫ್ರೀಡಂ ದಶಮಾಂಶದಲ್ಲಿರಲು ಹೇಗೆ ಸಾಧ್ಯ?"

ಎರಡೂ ಗುಂಪುಗಳ ನಿಜವಾದ ವೇರಿಯನ್ಸ್ ಒಂದೇ ಎಂದು ಒಪ್ಪಿಕೊಂಡಾಗ ಮಾತ್ರ 5 + 10 − 2 = 13 ಎಂಬ ಎಣಿಕೆ ಸಲ್ಲುತ್ತದೆ. ಹಾಗೆ ಒಪ್ಪಿಕೊಳ್ಳದ ವೆಲ್ಚ್ ವಿಧಾನದಲ್ಲಿ ನಾವು ಗುಂಪುಗಳ ಸರಾಸರಿಗಳ ವೇರಿಯನ್ಸ್‌ಗೆ 20/5 = 4 ಮತ್ತು 10/10 = 1 ಎಂಬ ಎರಡು ಅಂದಾಜುಗಳನ್ನು ಕೂಡಿಸುತ್ತೇವೆ; ದತ್ತಾಂಶ ನಾರ್ಮಲ್ ಆಗಿದ್ದರೆ ಇವು ಬಿಡಿಬಿಡಿಯಾಗಿ ಒಂದು ಸ್ಥಿರಾಂಕದಿಂದ ಗುಣಿಸಿದ ಕೈ ಸ್ಕ್ವೇರ್ ವಿತರಣೆಯನ್ನು ಅನುಸರಿಸುತ್ತವೆಯಾದರೂ, ಅವುಗಳ ತೂಕ ಬೇರೆಬೇರೆ ಇರುವುದರಿಂದ ಮೊತ್ತವು ಸಾಮಾನ್ಯವಾಗಿ ಹಾಗೆ ಅನುಸರಿಸುವುದಿಲ್ಲ. ಆದ್ದರಿಂದ ಆ ಮೊತ್ತದ ಸರಾಸರಿಗೂ ಏರಿಳಿತಕ್ಕೂ ಹೊಂದುವ, ಹಾಗೆಯೇ ಸ್ಥಿರಾಂಕದಿಂದ ಗುಣಿಸಿದ ಒಂದು ಕೈ ಸ್ಕ್ವೇರ್ ವಕ್ರರೇಖೆಯನ್ನು ಆರಿಸಿಕೊಳ್ಳುತ್ತೇವೆ. 1946ರಲ್ಲಿ ಸ್ಯಾಟರ್ತ್‌ವೇಟ್ ತೋರಿಸಿದ ದಾರಿಯೂ ಇದೇ:

```
df = (4 + 1)² / (4²/(5−1) + 1²/(10−1))
   = 25 / 4.1111 = 6.0811
```

ಇಲ್ಲಿ df ಎಂಬುದು ಎಣಿಸಿದ ಸಂಖ್ಯೆಯಲ್ಲ, ವಕ್ರರೇಖೆಯ ಆಕಾರವನ್ನು ನಿರ್ಧರಿಸುವ ಅಳತೆ. ಅದು ಪೂರ್ಣಾಂಕವೇ ಆಗಿರಬೇಕಿಲ್ಲ. ಒಟ್ಟು 5ರಲ್ಲಿ 4 ಪಾಲು ಅನಿಶ್ಚಿತತೆ ಬೆಳಗಿನ ಐದೇ ಪ್ರಯಾಣಗಳಿಂದ ಬಂದಿರುವುದರಿಂದ, ಉತ್ತರವು ಗರಿಷ್ಠ ಮಿತಿಯಾದ 13ಕ್ಕಿಂತ ಕನಿಷ್ಠ ಮಿತಿಯಾದ 5 − 1 = 4ರ ಹತ್ತಿರ ನಿಂತಿದೆ. ಈ ಎರಡು ಮಿತಿಗಳ ಆಚೆ ಬಂದರೆ ಲೆಕ್ಕ ತಪ್ಪಿದೆ ಎಂದು ತಿಳಿಯಿರಿ. ಪರೀಕ್ಷಾ ಕೊಠಡಿಯಲ್ಲಿ ಮುದ್ರಿತ t ಕೋಷ್ಟಕ ಬಳಸುವಾಗ 6 ಎಂದೇ ಇಳಿಸಿಕೊಳ್ಳಿ, 7ಕ್ಕೆ ಏರಿಸಬೇಡಿ.