ಡಿಸ್ಲೆಕ್ಸಿಯಾ ಇರುವ ಮಗಳ ಪ್ರಬಂಧಕ್ಕೆ ಎಐ ಮುದ್ರೆ

ಮಡಿಕೇರಿಯಲ್ಲಿ ಓದುವ ಮಗಳಿಗೆ ಡಿಸ್ಲೆಕ್ಸಿಯಾ ಇದೆ. ಅವಳೇ ಬರೆದ ಇಂಗ್ಲಿಷ್ ಪ್ರಬಂಧವನ್ನು ಎಐ ಬರೆದದ್ದು ಅಂತಾರೆ. ಶಾಲೆಯಲ್ಲಿ ಏನು ಕೇಳಲಿ?

ಮುಂದಿನ ಪದ ಸುಲಭವಾಗಿ ಊಹೆಗೆ ಸಿಕ್ಕರೆ ಎಐ ಬರಹ ಪತ್ತೆ ಮಾಡುವ ತಂತ್ರಾಂಶಕ್ಕೆ ಅನುಮಾನ. ಕಾಫಿ ಕೊಯ್ಲಿನ ಬಗ್ಗೆ ಬರೆಯುವಾಗ 'ಹಾರ್ವೆಸ್ಟ್' ಸ್ಪೆಲ್ಲಿಂಗ್‌ಗೆ ಹೆದರಿ ಮಗು 'ಪಿಕ್' ಎಂದೇ ನಾಲ್ಕು ಸಲ ಬರೆಯುತ್ತದೆ. ಉಳಿದ ತಪ್ಪುಗಳನ್ನು ಸ್ಪೆಲ್‌ಚೆಕ್ ಅಳಿಸುತ್ತದೆ. ಉಳಿಯುವುದು ಸರಳ, ತಪ್ಪಿಲ್ಲದ ಬರಹ. ಅದೇ ಅಪರಾಧ ಆಯ್ತು, ಅಲ್ವಾ? ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆ 2023ರಲ್ಲಿ ನಿಲ್ಲಿಸಿತು.

ಹಾಗಾಗಿ ತಂತ್ರಾಂಶ ಕೊಡುವ ಅಂಕಿಯೊಂದನ್ನೇ ಪುರಾವೆ ಮಾಡಬೇಡಿ ಎಂದು ಶಾಲೆಗೆ ಹೇಳಿ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ತಿದ್ದಿದ ಹಂತಗಳನ್ನು ತೋರಿಸಿ. ಸ್ಪೆಲ್‌ಚೆಕ್, ದನಿಯಿಂದ ಬರೆಯುವ ಸೌಲಭ್ಯಕ್ಕೆ ಮೊದಲೇ ಲಿಖಿತ ಅನುಮತಿ ಪಡೆಯಿರಿ. ಬಾಯಿಮಾತಿನಲ್ಲಿ ವಿಚಾರಿಸುವುದಾದರೆ ಪ್ರಶ್ನೆಗಳನ್ನು ಹಿಂದಿನ ದಿನವೇ ಕೊಡಲಿ. ಆಟಿಸಂ ಇರುವ ಮಕ್ಕಳಿಗಂತೂ ಇದು ಬೇಕೇ ಬೇಕು. ಅವರು ಕಣ್ಣು ತಪ್ಪಿಸಿದರೆ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ.